ವಿರೇಚಕಗಳು

ಮಲವನ್ನು ಮೆದುಗೊಳಿಸಿ ಅಥವಾ ಕರುಳಿನ ಚಲನೆಯನ್ನು ಹೆಚ್ಚಿಸಿ ವಿಸರ್ಜನೆಗೆ ನೆರವಾಗುವ ಔಷಧಗಳು. ಆಡುಮಾತಿನಲ್ಲಿ ಭೇದಿ ಮದ್ದು. ಇವುಗಳಲ್ಲಿ ಕರುಳನ್ನು ಕೆರಳಿಸಿ ಕೆಲಸ ಮಾಡುವ ಪ್ರಚೋದಕ ಗುಂಪಿನ ಚರಿತ್ರೆ ಬಲು ಹಳೆಯದು. ಕ್ರಿ.ಪೂ. 1550ರ ಸುಮಾರಿನ ಈಜಿಪ್ಟಿನ ಎಬರ್ಸ್ ಪಪೈರಸ್‌ನಲ್ಲಿ ಹರಳಿನ ಪ್ರಸ್ತಾಪವಿದೆ. ಆಯುರ್ವೇದದಲ್ಲಿ ವಿರೇಚನವು ಪಂಚಕರ್ಮಗಳಲ್ಲೊಂದು. ತಿಗಡೆ ಬೇರು ಅದರ ಮುಖ್ಯ ದ್ರವ್ಯ. ಅಲ್ಲಿಯೂ ಸ್ನೇಹನ, ಸ್ವೇದನಗಳ ನಂತರವೇ ವಿರೇಚನ, ಆಮೇಲೆ ಗಂಜಿಯಿಂದ ಆರಂಭಿಸಿ ಕ್ರಮವಾಗಿ ಆಹಾರ ಎಂಬ ಕಟ್ಟುಪಾಡಿತ್ತು. ಅದು ದಿನನಿತ್ಯದ ಅಭ್ಯಾಸವಾಗಿರಲಿಲ್ಲ.

ಮಧ್ಯಯುಗದ ಅರಬ್ ವೈದ್ಯರು ಸೋನಾಮುಖಿ ಎಲೆಯನ್ನು ಬಳಕೆಗೆ ತಂದರು. ಇದರ ಸತ್ವವಾದ ಸೆನ್ನೊಸೈಡ್ ಜಠರ ಮತ್ತು ಸಣ್ಣ ಕರುಳನ್ನು ಬದಲಾಗದೆ ದಾಟುತ್ತದೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದ ಮೇಲಷ್ಟೇ ಮದ್ದು ಚುರುಕಾಗಿ, ಕರುಳಿನ ಸ್ನಾಯುವನ್ನು ಹಿಂಡಿಸುತ್ತದೆ, ನೀರು ಹೀರಿಕೊಳ್ಳುವುದನ್ನು ತಡೆಯುತ್ತದೆ. ರಾತ್ರಿ ಸೇವಿಸಿದ್ದು ಬೆಳಿಗ್ಗೆ ಕೆಲಸ ಮಾಡುವುದು ಇದರಿಂದಲೇ. ಹರಳೆಣ್ಣೆ ಸಣ್ಣ ಕರುಳಿನಲ್ಲೇ ರಿಸಿನೋಲಿಕ್ ಆಮ್ಲವನ್ನು ಬಿಡುವುದರಿಂದ ಕೆಲವೇ ಗಂಟೆಗಳಲ್ಲಿ ಭೇದಿಯಾಗುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಂಗೇರಿಯ ವಿಜ್ಞಾನಿ ವಾಮೋಶಿ, ವೈನಿಗೆ ಗುರುತಾಗಿ ಬೆರೆಸಬಹುದೆಂದುಕೊಂಡಿದ್ದ ಫಿನಾಲ್ಫ್ತಲೀನ್ ಭೇದಿ ಮಾಡಿಸುತ್ತದೆಂದು ಕಂಡುಕೊಂಡರು. 1906ರಲ್ಲಿ ಅಮೆರಿಕದಲ್ಲಿ ಅದು ಚಾಕೊಲೇಟಿನ ರೂಪದಲ್ಲಿ ಮಾರಾಟಕ್ಕೆ ಬಂತು, ಮನೆಮನೆಯ ಮದ್ದಾಯಿತು. ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಗೆಡ್ಡೆಗಳು ಕಂಡುಬಂದ ಮೇಲೆ 1990ರ ದಶಕದ ಕೊನೆಯಲ್ಲಿ ಅಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ರಚನೆಯಲ್ಲಿ ಅದನ್ನೇ ಹೋಲುವ ಬಿಸಕೊಡಿಲ್ 1950ರ ದಶಕದಲ್ಲಿ ಬಂದು ಇಂದಿಗೂ ಉಳಿದಿದೆ.

ಉಳಿದ ಗುಂಪುಗಳು ಕರುಳನ್ನು ಕೆರಳಿಸದೆ ಮಲದ ಗುಣವನ್ನು ಬದಲಿಸುತ್ತವೆ. ಗುಜರಾತಿನಲ್ಲಿ ಬೆಳೆಯುವ ಇಸಬ್‌ಗೋಲಿನ ಹೊಟ್ಟು ನೀರು ಹೀರಿ ಉಬ್ಬಿ ಮಲದ ಗಾತ್ರ ಹೆಚ್ಚಿಸುತ್ತದೆ. ಸಾಕಷ್ಟು ನೀರು ಕುಡಿಯದಿದ್ದರೆ ಅದೇ ಗಂಟಲಲ್ಲೋ ಕರುಳಲ್ಲೋ ಕಟ್ಟಿಕೊಳ್ಳಬಹುದು. ಲ್ಯಾಕ್ಟುಲೋಸ್, ಪಾಲಿಇಥಿಲೀನ್ ಗ್ಲೈಕಾಲ್‌ಗಳು ನೀರನ್ನು ಕರುಳಿನಲ್ಲೇ ಹಿಡಿದಿಡುತ್ತವೆ. ಇವುಗಳ ಪರಿಣಾಮ ಕಾಣಲು ಒಂದೆರಡು ದಿನ ಬೇಕು. ಲ್ಯಾಕ್ಟುಲೋಸ್ ಬ್ಯಾಕ್ಟೀರಿಯಾಗಳಿಂದ ಹುಳಿಯುವುದರಿಂದ ಹೊಟ್ಟೆಯುಬ್ಬರ ಸಾಮಾನ್ಯ. ಮೆಗ್ನೀಸಿಯಂ ಲವಣಗಳೂ ನೀರನ್ನು ಹಿಡಿದಿಡುವ ಬಗೆಯವೇ, ಆದರೆ ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ ಮೆಗ್ನೀಸಿಯಂ ರಕ್ತದಲ್ಲಿ ಶೇಖರವಾಗುತ್ತದೆ. ದ್ರವ ಪ್ಯಾರಾಫಿನ್ ಮಲಕ್ಕೆ ಜಾರುವಿಕೆ ಕೊಡುತ್ತದೆ.

ಪ್ರಚೋದಕಗಳು ಅಭ್ಯಾಸವಾಗುವ ಬಗೆಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಎರಡು ದಿನ ಮಲವಿಸರ್ಜನೆಯಾಗದ ವ್ಯಕ್ತಿ ಭಾನುವಾರ ರಾತ್ರಿ ಸೋನಾಮುಖಿ ಸೇವಿಸುತ್ತಾನೆನ್ನಿ. ಸಹಜ ವಿಸರ್ಜನೆಯಲ್ಲಿ ದೊಡ್ಡ ಕರುಳಿನ ಕೊನೆಯ ಭಾಗ ಮಾತ್ರ ತೆರವಾಗುತ್ತದೆ. ಸೋಮವಾರ ಬೆಳಿಗ್ಗೆ ಅದಕ್ಕಿಂತ ಬಹಳ ಹೆಚ್ಚು ತೆರವಾಗುತ್ತದೆ. ಅದು ಮತ್ತೆ ತುಂಬಲು ಎರಡು ಮೂರು ದಿನ ಬೇಕು. ಮಂಗಳವಾರ, ಬುಧವಾರ ವಿಸರ್ಜನೆಯಾಗದಿರುವುದು ಆ ಖಾಲಿ ಕರುಳಿನ ಸಹಜ ಸ್ಥಿತಿ. ಆತ ಅದನ್ನು ಮಲಬದ್ಧತೆಯೆಂದು ತಿಳಿದು ಮತ್ತೊಂದು ಗುಳಿಗೆ ನುಂಗುತ್ತಾನೆ. ಮದ್ದಿಲ್ಲದೆ ಆಗುವುದೇ ಇಲ್ಲ ಎಂಬ ನಂಬಿಕೆ ಹೀಗೆ ಬೇರೂರುತ್ತದೆ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ, ತಿಣುಕದೆ ಆಗುವುದಾದರೆ, ಎಲ್ಲವೂ ಸಹಜವೇ.

ಪ್ರಮಾಣ ಹೆಚ್ಚುತ್ತ ಹೋದಾಗ ನೀರಿನೊಡನೆ ಪೊಟ್ಯಾಸಿಯಂ ಕೂಡ ನಷ್ಟವಾಗುತ್ತದೆ. ಸುಸ್ತು, ಕಾಲಿನ ಸೆಳೆತ, ಎದೆಬಡಿತದ ಏರುಪೇರು ಇದರ ಸೂಚನೆಗಳು. ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ಡಿಜಾಕ್ಸಿನ್ ಸೇವಿಸುವವರಿಗೆ ಅಪಾಯ ಇನ್ನೂ ಹೆಚ್ಚು. ಪೊಟ್ಯಾಸಿಯಂ ತೀರ ಕಡಿಮೆಯಾದರೆ ಕರುಳಿನ ಸ್ನಾಯುವೇ ನಿಧಾನವಾಗಿ, ಮದ್ದೇ ಮಲಬದ್ಧತೆಗೆ ಕಾರಣವಾಗುತ್ತದೆ. ಸೋನಾಮುಖಿಯನ್ನು ತಿಂಗಳುಗಟ್ಟಲೆ ಬಳಸಿದವರ ಕರುಳಿನ ಒಳಪದರ ಕಂದುಗಪ್ಪಾಗುವುದೂ ಉಂಟು. ಇದು ಹಾನಿಕರವಲ್ಲ, ಬಿಟ್ಟ ಕೆಲವು ತಿಂಗಳಲ್ಲಿ ತಿಳಿಯಾಗುತ್ತದೆ. ಕರುಳಿನ ನರಗಳೇ ಸಾಯುತ್ತವೆಂಬ ಹಳೆಯ ಹೆದರಿಕೆಗೆ, ವೈದ್ಯರು ಹೇಳಿದ ಪ್ರಮಾಣದಲ್ಲಿ ಬಳಸಿದಾಗ, ಗಟ್ಟಿ ಆಧಾರವಿಲ್ಲ. ಮಾರ್ಫೀನ್‌ನಂಥ ನೋವುನಿವಾರಕ ಪಡೆಯುವವರಿಗೆ, ಬೆನ್ನುಹುರಿಗೆ ಪೆಟ್ಟಾದವರಿಗೆ ವೈದ್ಯರೇ ಪ್ರಚೋದಕಗಳನ್ನು ನಿತ್ಯ ಕೊಡುವುದುಂಟು. ಅಲ್ಲಿ ಪ್ರಮಾಣದ ಮೇಲೆ ಕಣ್ಣಿರುತ್ತದೆ, ಸ್ವಯಂವೈದ್ಯದಲ್ಲಿ ಅದಿಲ್ಲ.

ನಮ್ಮಲ್ಲಿ ಹೊಟ್ಟೆ ಸ್ವಚ್ಛವಾಗಲೆಂದು ಕೊಳ್ಳುವ ಅನೇಕ ಚೂರ್ಣಗಳಲ್ಲಿ ಕೆಲಸ ಮಾಡುವ ಅಂಶ ಸೋನಾಮುಖಿಯೇ. ಗಿಡಮೂಲಿಕೆಯಾದ್ದರಿಂದ ದಿನವೂ ತೆಗೆದುಕೊಳ್ಳಬಹುದೆಂಬುದು ತಪ್ಪು ತಿಳಿವಳಿಕೆ. ಡಬ್ಬಿಯ ಮೇಲಿನ ಪಟ್ಟಿಯಲ್ಲಿ ಸೋನಾಮುಖಿ, ಸನಾಯ್ ಅಥವಾ ಸೆನ್ನಾ ಎಂಬ ಹೆಸರಿದೆಯೇ ಎಂದು ನೋಡಬೇಕು. ವೈದ್ಯರನ್ನು ಕೇಳದೆ ಒಂದು ವಾರಕ್ಕಿಂತ ಹೆಚ್ಚು ಬಳಸಬಾರದು. ಹೊಟ್ಟೆನೋವಿನೊಡನೆ ವಾಂತಿಯಾಗುತ್ತ ಗಾಳಿಯೂ ಹೊರಹೋಗದಿದ್ದರೆ ಕರುಳು ಕಟ್ಟಿರಬಹುದು. ಆಗ ಯಾವ ಭೇದಿ ಮದ್ದನ್ನೂ ಕೊಡದೆ ಆಸ್ಪತ್ರೆಗೆ ಹೋಗಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಮಲಬದ್ಧತೆ ಇವುಗಳಿಗೂ ಚೂರ್ಣ ಉತ್ತರವಲ್ಲ, ಪರೀಕ್ಷೆ ಬೇಕು.