ಬಿಸಿಲು ಮತ್ತು ಕಾರಿನ ಬ್ಯಾಟರಿ: ಇಂಗುವ ನೀರಿನಿಂದ ಸವೆಯುವ ಜಾಲರಿಯವರೆಗೆ

ಕಾರಿನ ಬ್ಯಾಟರಿ ಹಾಳಾಗುವುದು ಬೇಸಿಗೆಯಲ್ಲಿ. ಹಾಳಾದದ್ದು ಗೊತ್ತಾಗುವುದು ಹೆಚ್ಚಾಗಿ ಮಳೆ ಹಿಡಿದ ಮೇಲೆ ಅಥವಾ ಚಳಿಗಾಲದ ಬೆಳಗ್ಗೆ. ಬಿಸಿಯಲ್ಲಿ ಆಸಿಡ್ ಚುರುಕಾಗಿ ಕೆಲಸ ಮಾಡುತ್ತದೆ, ಎಂಜಿನ್ ಆಯಿಲ್ ತೆಳುವಾಗಿರುತ್ತದೆ. ಹೀಗಾಗಿ ಅರ್ಧ ಸೊರಗಿದ ಬ್ಯಾಟರಿಯೂ ಸೆಲ್ಫ್ ಎಳೆದುಬಿಡುತ್ತದೆ. ತಂಪು ಬಂದಾಗ ಅದೇ ಬ್ಯಾಟರಿ ಕೈಕೊಡುತ್ತದೆ, ದೂರು ಮಾತ್ರ ಚಳಿಯ ಮೇಲೆ ಬೀಳುತ್ತದೆ.

ಅಜ್ಜಂಪುರ ತಾಲ್ಲೂಕಿನ ಬುಕ್ಕಾಂಬುಧಿಯಂಥ ಬಯಲುಸೀಮೆಯ ಊರಿನಲ್ಲಿ ಏಪ್ರಿಲ್ ಮಧ್ಯಾಹ್ನದ ಗಾಳಿ 35 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕಲಬುರಗಿ, ರಾಯಚೂರುಗಳಲ್ಲಿ ಅದು 40 ದಾಟುತ್ತದೆ. ಆದರೆ ಬ್ಯಾಟರಿಗೆ ತಾಗುವುದು ಬಾನೆಟ್ ಒಳಗಿನ ಬಿಸಿ. ದೂರದಿಂದ ಬಂದ ಕಾರನ್ನು ಬಿಸಿಲಿಗೆ ನಿಲ್ಲಿಸಿದರೆ, ಓಡುವಾಗ ಬೀಸುತ್ತಿದ್ದ ಗಾಳಿ ನಿಂತು ಎಂಜಿನ್ನಿನ ಶಾಖ ಬಾನೆಟ್ ಕೆಳಗೇ ಉಳಿಯುತ್ತದೆ. ಮೇಲಿನಿಂದ ಬಿಸಿಲೂ ಕಾಯಿಸುತ್ತದೆ. ಅಲ್ಲಿನ ಬಿಸಿ ಹೊರಗಿನ ಗಾಳಿಗಿಂತ ಎಷ್ಟೋ ಹೆಚ್ಚು. ಈ ಬಿಸಿಯನ್ನು ತಡೆಯಲು ನೂರು ವರ್ಷಗಳಿಂದ ನಡೆದ ಪ್ರಯತ್ನಗಳು ಒಂದು ತೊಂದರೆಯನ್ನು ಕಡಿಮೆ ಮಾಡಿದಾಗೆಲ್ಲ ಅದರ ಹಿಂದಿದ್ದ ಇನ್ನೊಂದನ್ನು ಮುಂದಕ್ಕೆ ತಂದಿವೆ.

ಸೀಸ, ಆಸಿಡ್, ಜಾಲರಿ

ಸೀಸ ಮತ್ತು ಆಸಿಡ್‌ನ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂತೆ ರೂಪಿಸಿದ. 1881ರಲ್ಲಿ ಕಮೀಲ್ ಫೋರ್ ಸೀಸದ ತಗಡಿನ ಮೇಲೆ ಸೀಸದ ಆಕ್ಸೈಡಿನ ಲೇಪ ಬಳಿಯುವ ವಿಧಾನ ಕಂಡುಹಿಡಿದ. ಲೇಪ ಜಾರದಂತೆ ತಗಡಿನ ಬದಲು ಜಾಲರಿ ಬಂದದ್ದೂ ಅದೇ ಕಾಲದಲ್ಲಿ. ಇಂದಿನ ಪ್ಲೇಟಿನ ಮೂಲ ರಚನೆ ಅದೇ: ಲೇಪ ವಿದ್ಯುತ್ತನ್ನು ಕೂಡಿಡುತ್ತದೆ, ಜಾಲರಿ ಲೇಪವನ್ನು ಹಿಡಿದುಕೊಂಡು ವಿದ್ಯುತ್ತನ್ನು ಹೊರಕ್ಕೆ ಸಾಗಿಸುತ್ತದೆ. 1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್‌ನ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ, ಕೈಯಿಂದ ಹ್ಯಾಂಡಲ್ ತಿರುಗಿಸುವ ಕೆಲಸ ಬ್ಯಾಟರಿಯ ಪಾಲಿಗೆ ಬಂತು.

12 ವೋಲ್ಟಿನ ಬ್ಯಾಟರಿಯಲ್ಲಿ ಆರು ಸೆಲ್‌ಗಳಿರುತ್ತವೆ. ಪೂರ್ತಿ ಚಾರ್ಜ್ ಆದ ಒಂದೊಂದು ಸೆಲ್ ಸುಮಾರು 2.1 ವೋಲ್ಟ್ ಕೊಡುತ್ತದೆ. ಆದ್ದರಿಂದ ಕೆಲವು ಗಂಟೆ ಸುಮ್ಮನಿದ್ದ ಒಳ್ಳೆಯ ಬ್ಯಾಟರಿಯಲ್ಲಿ 12.6 ವೋಲ್ಟ್ ಕಾಣಬೇಕು. ವಿದ್ಯುತ್ ಖರ್ಚಾದಾಗ ಎರಡೂ ಬಗೆಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ, ಆಸಿಡ್ ತೆಳುವಾಗುತ್ತದೆ. ಚಾರ್ಜ್ ಆದಾಗ ಎಲ್ಲವೂ ಹಿಂದಿನ ಸ್ಥಿತಿಗೆ ಮರಳುತ್ತದೆ. ಮರಳದೆ ಉಳಿಯುವ ಎರಡು ನಷ್ಟಗಳೆಂದರೆ ನೀರು ಮತ್ತು ಜಾಲರಿ.

ನೀರು ಎಲ್ಲಿಗೆ ಹೋಗುತ್ತದೆ

ಬೇಸಿಗೆಯಲ್ಲಿ ಬ್ಯಾಟರಿ ನೀರು ಆರಿಹೋಗುತ್ತದೆ ಎನ್ನುವುದು ರೂಢಿಯ ಮಾತು. ಆವಿಯಾಗಿ ಹೋಗುವುದೂ ಉಂಟು, ಆದರೆ ನೀರು ಹೆಚ್ಚಾಗಿ ಹೋಗುವ ದಾರಿ ಬೇರೆ. ಚಾರ್ಜ್ ತುಂಬಿದ ಮೇಲೂ ಆಲ್ಟರ್ನೇಟರ್ ಕರೆಂಟ್ ಕಳಿಸುತ್ತಿದ್ದರೆ ಅದು ನೀರನ್ನು ಜಲಜನಕ, ಆಮ್ಲಜನಕಗಳಾಗಿ ಒಡೆಯುತ್ತದೆ, ಗ್ಯಾಸ್ ಮುಚ್ಚಳದ ರಂಧ್ರದಿಂದ ಹೊರಬೀಳುತ್ತದೆ. ಹೀಗೆ ಹೆಚ್ಚಾಗಿ ಹೋದ ಒಂದು ಆಂಪಿಯರ್-ಅವರ್ ಕರೆಂಟ್ ಪ್ರತಿ ಸೆಲ್‌ನಲ್ಲಿ 0.34 ಗ್ರಾಂ, ಆರು ಸೆಲ್ ಸೇರಿ ಸುಮಾರು 2 ಗ್ರಾಂ ನೀರನ್ನು ಕಳೆಯುತ್ತದೆ. ದಿನಕ್ಕೆ ಎರಡು ಆಂಪಿಯರ್-ಅವರ್ ಹೀಗೆ ಹೋದರೆ ನೂರು ದಿನದ ಬೇಸಿಗೆಯಲ್ಲಿ 400 ಗ್ರಾಂ ನೀರು ಖರ್ಚಾಯಿತೆಂದೇ ಲೆಕ್ಕ.

ಬಿಸಿ ಇದಕ್ಕೆ ಕುಮ್ಮಕ್ಕು ಕೊಡುತ್ತದೆ. ಉಷ್ಣತೆ ಏರಿದಂತೆ ಗ್ಯಾಸ್ ಏಳಲು ಬೇಕಾದ ವೋಲ್ಟೇಜ್ ಇಳಿಯುತ್ತದೆ. 25 ಡಿಗ್ರಿಯಲ್ಲಿ ಸರಿಯಾಗಿದ್ದ 14.4 ವೋಲ್ಟ್ 45 ಡಿಗ್ರಿಯಲ್ಲಿ ಅತಿಯಾಗುತ್ತದೆ. ಚಾರ್ಜಿಂಗ್ ವೋಲ್ಟೇಜನ್ನು ಪ್ರತಿ ಡಿಗ್ರಿಗೆ 0.02ರಿಂದ 0.03 ವೋಲ್ಟಿನಷ್ಟು ಇಳಿಸಬೇಕೆನ್ನುವುದು ಅದಕ್ಕೇ.

ಹಳೆಯ ಬ್ಯಾಟರಿಗಳಲ್ಲಿ ಈ ನಷ್ಟ ಹೆಚ್ಚಾಗಿತ್ತು. ಮೆತ್ತಗಿನ ಸೀಸ ಗಟ್ಟಿಯಾಗಲೆಂದು ಜಾಲರಿಗೆ ಆಂಟಿಮನಿ ಬೆರೆಸುತ್ತಿದ್ದರು. ಈ ಆಂಟಿಮನಿ ಸ್ವಲ್ಪಸ್ವಲ್ಪವೇ ಪ್ಲಸ್ ಪ್ಲೇಟಿನಿಂದ ಕರಗಿ ಮೈನಸ್ ಪ್ಲೇಟಿನ ಮೇಲೆ ಕೂಡುತ್ತದೆ, ಅಲ್ಲಿ ಜಲಜನಕ ಸುಲಭವಾಗಿ ಏಳುವಂತೆ ಮಾಡುತ್ತದೆ. ಬ್ಯಾಟರಿ ಹಳೆಯದಾದಷ್ಟೂ ನೀರು ಹೆಚ್ಚು ಕೇಳುತ್ತದೆ. ಅಂಬಾಸಿಡರ್, ಫಿಯಟ್‌ಗಳ ಕಾಲದಲ್ಲಿ ಆರು ಮುಚ್ಚಳ ತಿರುಗಿಸಿ ನೀರಿನ ಮಟ್ಟ ನೋಡುವುದು ಕಾರಿಟ್ಟವರ ವಾಡಿಕೆಯ ಕೆಲಸವಾಗಿತ್ತು. ಟ್ರಾಕ್ಟರ್ ಬ್ಯಾಟರಿಗಳಲ್ಲಿ ಈ ರೂಢಿ ಇನ್ನೂ ಉಳಿದಿದೆ.

ನೀರು ಇಳಿದರೆ ಎರಡು ಕೇಡು. ಪ್ಲೇಟಿನ ಮೇಲ್ತುದಿ ಹೊರಗೆ ಕಂಡು ಒಣಗುತ್ತದೆ, ಅಷ್ಟು ಭಾಗ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಆಸಿಡ್ ಮಾತ್ರ ಹೊರಹೋಗದೆ ಉಳಿಯುವುದರಿಂದ ಮಿಕ್ಕ ದ್ರವ ದಟ್ಟವಾಗಿ ಜಾಲರಿಯನ್ನು ಇನ್ನಷ್ಟು ಬೇಗ ತಿನ್ನುತ್ತದೆ. ಚಳಿ ದೇಶಗಳಲ್ಲಿ ಆಸಿಡ್‌ನ ಸಾಂದ್ರತೆ 1.28 ಇದ್ದರೆ, ಬಿಸಿ ನಾಡುಗಳಿಗೆ 1.24ರ ಸುಮಾರಿನ ತೆಳು ಆಸಿಡ್ ತುಂಬುವ ಪದ್ಧತಿ ಬಂದದ್ದು ಇದನ್ನು ಅರಿತೇ.

ಜಾಲರಿಯ ಸವೆತ

ಆಂಟಿಮನಿಯ ಬದಲು ಕ್ಯಾಲ್ಸಿಯಂ ಬೆರೆಸಿದ ಸೀಸವನ್ನು 1930ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಹೇರಿಂಗ್ ಮತ್ತು ಥಾಮಸ್ ಟೆಲಿಫೋನ್ ಕೇಂದ್ರಗಳ ಬ್ಯಾಟರಿಗಾಗಿ ಸಿದ್ಧಪಡಿಸಿದರು. ಕಾರಿಗೆ ಅದು ಬಂದದ್ದು 1970ರ ದಶಕದಲ್ಲಿ, ‘ಮೇಂಟೆನೆನ್ಸ್ ಫ್ರೀ’ ಎಂಬ ಹೆಸರಿನಲ್ಲಿ. ಗ್ಯಾಸ್ ಏಳುವುದು ಬಹಳ ಕಡಿಮೆಯಾಯಿತು, ಮುಚ್ಚಳಗಳು ಮಾಯವಾದವು. ಆಗ ಎದುರಿಗೆ ಬಂದದ್ದು ಜಾಲರಿಯ ಪ್ರಶ್ನೆ.

ಪ್ಲಸ್ ಪ್ಲೇಟಿನ ಜಾಲರಿ ಸದಾ ಆಸಿಡ್‌ನಲ್ಲಿ, ಆಮ್ಲಜನಕ ಹುಟ್ಟುವ ಜಾಗದಲ್ಲಿ ನಿಂತಿರುತ್ತದೆ. ಅದರ ಸೀಸ ಹೊರಮೈಯಿಂದ ಒಳಕ್ಕೆ ಸೀಸದ ಡೈಆಕ್ಸೈಡ್ ಆಗುತ್ತ ಹೋಗುತ್ತದೆ. ಇದು ಸೀಸಕ್ಕಿಂತ ಹೆಚ್ಚು ಜಾಗ ಕೇಳುವುದರಿಂದ ಜಾಲರಿ ಹಿಗ್ಗುತ್ತದೆ, ಎಳೆಗಳು ಉದ್ದವಾಗಿ ತೆಳುವಾಗುತ್ತವೆ. ಹಿಡಿತ ಸಡಿಲಗೊಂಡ ಲೇಪ ಪುಡಿಯಾಗಿ ತಳಕ್ಕೆ ಬೀಳುತ್ತದೆ. ಕೊನೆಗೆ ಎಳೆ ಕಡಿದುಹೋಗುತ್ತದೆ, ಇಲ್ಲವೇ ಹಿಗ್ಗಿದ ಪ್ಲೇಟು ಪಕ್ಕದ್ದಕ್ಕೆ ತಾಗಿ ಆ ಸೆಲ್ ಸಾಯುತ್ತದೆ. ನೀರು ಹಾಕಿ ಸರಿಮಾಡುವ ರೋಗ ಇದಲ್ಲ.

ಇದನ್ನು ನಿಧಾನಗೊಳಿಸಲು ತವರ ಬೆರೆಸಲಾಯಿತು. 1990ರ ದಶಕದಲ್ಲಿ ಬಾನೆಟ್ ಒಳಗೆ ಜಾಗ ಇಕ್ಕಟ್ಟಾಗಿ ಬಿಸಿ ಹೆಚ್ಚಿದಾಗ ಅತ್ಯಲ್ಪ ಪ್ರಮಾಣದಲ್ಲಿ ಬೆಳ್ಳಿಯೂ ಸೇರಿತು. ಕೆಲವು ಕಾರುಗಳಲ್ಲಿ ಬ್ಯಾಟರಿಗೆ ಶಾಖ ತಡೆಯುವ ಹೊದಿಕೆ ಬಂತು, ಕೆಲವುಗಳಲ್ಲಿ ಬ್ಯಾಟರಿಯೇ ಹಿಂದಿನ ಡಿಕ್ಕಿಗೆ ಹೋಯಿತು. ಆಸಿಡ್ಡನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿಡುವ ಎಜಿಎಂ ಬ್ಯಾಟರಿಯೂ ಬಿಸಿಗೆ ಹೊರತಲ್ಲ. ಅದಕ್ಕೆ ಮತ್ತೆ ನೀರು ತುಂಬುವ ದಾರಿಯೇ ಇಲ್ಲದ್ದರಿಂದ ಹೋದದ್ದು ಹೋದ ಹಾಗೆ.

ನೆರಳಿನ ಲೆಕ್ಕ

ರಾಸಾಯನಿಕ ಕ್ರಿಯೆಯ ವೇಗಕ್ಕೂ ಉಷ್ಣತೆಗೂ ಇರುವ ಸಂಬಂಧವನ್ನು 1889ರಲ್ಲಿ ಸ್ವಾಂಟೆ ಅರೇನಿಯಸ್ ಸೂತ್ರಕ್ಕಿಳಿಸಿದ. ಬ್ಯಾಟರಿಯ ಮಟ್ಟಿಗೆ ಅದರ ಒರಟು ರೂಪ ಇಷ್ಟು: ಉಷ್ಣತೆ 10 ಡಿಗ್ರಿ ಏರಿದರೆ ಸವೆತ ಸುಮಾರು ಎರಡು ಪಟ್ಟು.

ಬುಕ್ಕಾಂಬುಧಿಯ ಒಂದು ಬೇಸಿಗೆ ದಿನವನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಲೆಕ್ಕ ಸುಲಭವಾಗಲೆಂದು ಬ್ಯಾಟರಿ 16 ಗಂಟೆ 25 ಡಿಗ್ರಿಯಲ್ಲಿ, 8 ಗಂಟೆ ಬಿಸಿಲಿನಲ್ಲಿ 45 ಡಿಗ್ರಿಯಲ್ಲಿ ಇತ್ತೆನ್ನೋಣ. 45 ಡಿಗ್ರಿಯ ಒಂದು ಗಂಟೆ 25 ಡಿಗ್ರಿಯ ನಾಲ್ಕು ಗಂಟೆಗೆ ಸಮ. 32 ಮತ್ತು 16 ಸೇರಿ 48 ಗಂಟೆಯ ಸವೆತ. ಅಂದರೆ ಒಂದು ದಿನದಲ್ಲಿ ಬ್ಯಾಟರಿಗೆ ಎರಡು ದಿನದ ವಯಸ್ಸಾಯಿತು. ಅದೇ ಎಂಟು ಗಂಟೆ ನೆರಳಲ್ಲಿ 35 ಡಿಗ್ರಿಗೆ ನಿಂತರೆ ಮೊತ್ತ 32 ಗಂಟೆ. ಮೂರನೇ ಒಂದು ಭಾಗ ಉಳಿತಾಯವಾಯಿತು.

ಯಾವ ನೆರಳು ಎಂಬುದೂ ಮುಖ್ಯ. ಈ ಭಾಗದಲ್ಲಿ ಏಪ್ರಿಲ್ ಕೊನೆಯ ವಾರ ಸೂರ್ಯ ನಡುನೆತ್ತಿಗೇ ಬರುತ್ತಾನೆ, ಅದೂ ಗಡಿಯಾರದ 12.25ರ ಹೊತ್ತಿಗೆ. ಆ ಗಳಿಗೆಯಲ್ಲಿ ಗೋಡೆಯ ನೆರಳು ಯಾವ ಕಡೆಗೂ ಬೀಳುವುದಿಲ್ಲ. ಆಮೇಲೆ ನೆರಳು ಮನೆಯ ಮೂಡಣ ಮಗ್ಗುಲಿಗೆ ಚಾಚುತ್ತದೆ. ಊಟದ ಹೊತ್ತಿಗೆ ಬಂದ ಕಾರಿಗೆ ಗೋಡೆಯ ಪೂರ್ವದ ಬದಿಯೇ ಸರಿ. ಇಡೀ ದಿನಕ್ಕೆ ಹೊಂಗೆ, ಹುಣಸೆಯಂಥ ದಟ್ಟ ಮರದ ನೆರಳು ಮೇಲು. ತೆಂಗಿನ ನೆರಳು ಸರಿಯುತ್ತಿರುತ್ತದೆ, ಕಾಯಿ, ಗರಿ ಬೀಳುವ ಭಯವೂ ಇದೆ. ಸುತ್ತ ಮುಚ್ಚಿದ ತಗಡಿನ ಶೆಡ್ ಮಧ್ಯಾಹ್ನ ಒಲೆಯಂತಾಗುತ್ತದೆ. ಎರಡು ಬದಿ ಗಾಳಿಯಾಡುವಂತೆ ಬಿಟ್ಟರೆ ಮಾತ್ರ ಅದರಿಂದ ಪ್ರಯೋಜನ. ದೂರದಿಂದ ಬಂದು ನಿಲ್ಲಿಸಿದ ಮೇಲೆ ಸ್ವಲ್ಪ ಹೊತ್ತು ಬಾನೆಟ್ ತೆರೆದಿಟ್ಟರೆ ಎಂಜಿನ್ನಿನ ಶಾಖ ಹೊರಗೆ ಹೋಗುತ್ತದೆ.

ಬಹಳ ದಿನ ನಿಂತೇ ಇರುವ ಕಾರಿನ ಕಥೆ ಬೇರೆ. ಗಡಿಯಾರ, ಅಲಾರಂ, ಕಂಪ್ಯೂಟರ್ ಸೇರಿ 30 ಮಿಲಿಆಂಪಿಯರ್ ಎಳೆಯುತ್ತಿದ್ದರೂ ದಿನಕ್ಕೆ 0.72, ತಿಂಗಳಿಗೆ ಸುಮಾರು 22 ಆಂಪಿಯರ್-ಅವರ್ ಖಾಲಿ. 35 ಆಂಪಿಯರ್-ಅವರ್ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು ಹೀಗೇ ಹೋಗುತ್ತದೆ, ಬಿಸಿಗೆ ತಾನಾಗಿ ಇಳಿಯುವ ಚಾರ್ಜ್ ಬೇರೆ. ಖಾಲಿ ಬ್ಯಾಟರಿಯಲ್ಲಿ ಸಲ್ಫೇಟ್ ಹರಳುಗಟ್ಟಿ ಮರಳದಂತಾಗುತ್ತದೆ. ಬೆಂಗಳೂರಿನಲ್ಲಿದ್ದು ತಿಂಗಳಿಗೊಮ್ಮೆ ಊರಿಗೆ ಬರುವವರು ಮೈನಸ್ ಟರ್ಮಿನಲ್ ಕಳಚಿಟ್ಟು ಹೋಗುವುದು ಸರಿಯಾದ ಪದ್ಧತಿ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಇಳಿದ ಚಾರ್ಜ್ ತುಂಬುವುದಿಲ್ಲ. ಅರ್ಧ ಗಂಟೆಯಾದರೂ ಓಡಿಸಬೇಕು.

ಗುರುತುಗಳು ಮತ್ತು ಮಿತಿ

ಮುಚ್ಚಳವಿರುವ ಬ್ಯಾಟರಿಯಲ್ಲಿ ನೀರು ಪ್ಲೇಟಿನಿಂದ ಸುಮಾರು ಒಂದು ಸೆಂಟಿಮೀಟರ್ ಮೇಲಿರಬೇಕು. ಕಡಿಮೆಯಾದರೆ ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು. ಬೋರ್‌ವೆಲ್ ನೀರಿನ ಲವಣ, ಕಬ್ಬಿಣ ಸವೆತವನ್ನು ಹೆಚ್ಚಿಸುತ್ತವೆ. ಆಸಿಡ್ ಹಾಕುವುದು ಇನ್ನೂ ದೊಡ್ಡ ತಪ್ಪು, ಏಕೆಂದರೆ ಹೋದದ್ದು ನೀರು ಮಾತ್ರ. ಆರರಲ್ಲಿ ಒಂದೇ ಸೆಲ್ ಬೇಗ ಆರುತ್ತಿದ್ದರೆ ಆ ಸೆಲ್ ಕೆಟ್ಟಿದೆ. ಎಲ್ಲವೂ ಒಂದೇ ಸಮ ಬೇಗ ಆರುತ್ತಿದ್ದರೆ ಅನುಮಾನ ಬ್ಯಾಟರಿಯ ಮೇಲಲ್ಲ, ಚಾರ್ಜಿಂಗ್ ವೋಲ್ಟೇಜಿನ ಮೇಲೆ. ದ್ರವ ಕಂದು ಬಣ್ಣಕ್ಕೆ ತಿರುಗಿದ್ದರೆ ಲೇಪ ಉದುರಿದೆ. ಮೈ ಉಬ್ಬಿದ್ದರೆ ಅಥವಾ ಕೊಳೆತ ಮೊಟ್ಟೆಯ ವಾಸನೆ ಬಂದರೆ ಬ್ಯಾಟರಿ ಅತಿಯಾಗಿ ಕಾದಿದೆ. ಹತ್ತಿರ ಬೆಂಕಿ ತರಬಾರದು.

ಮುಚ್ಚಳವಿಲ್ಲದ್ದಕ್ಕೆ ಮಲ್ಟಿಮೀಟರ್ ಸಾಕು. ರಾತ್ರಿಯೆಲ್ಲ ನಿಂತ ಬ್ಯಾಟರಿ 12.4ಕ್ಕಿಂತ ಕೆಳಗಿದ್ದರೆ ಚಾರ್ಜ್ ಬೇಕು. ಪೂರ್ತಿ ಚಾರ್ಜ್ ಮಾಡಿದ ಮೇಲೂ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಒಳಗಿನ ಜಾಲರಿ, ಲೇಪಗಳು ಸೋತಿವೆ. ಈ ಪರೀಕ್ಷೆಗೆ ತಕ್ಕ ಕಾಲ ಮೇ ಕೊನೆ, ಬೇಸಿಗೆ ತನ್ನ ಹಾನಿ ಮಾಡಿ ಮುಗಿಸಿ, ಮಳೆಯ ತಂಪು ಅದನ್ನು ಬಯಲಿಗೆ ತರುವ ಮೊದಲು. ನೆರಳು, ನೀರು, ಸರಿಯಾದ ವೋಲ್ಟೇಜ್ ಈ ಮೂರೂ ಸವೆತವನ್ನು ನಿಧಾನ ಮಾಡುತ್ತವೆ. ಡೈಆಕ್ಸೈಡ್ ಆಗಿಹೋದ ಜಾಲರಿಯನ್ನು ಮತ್ತೆ ಸೀಸ ಮಾಡಲು ಇವುಗಳಿಂದ ಆಗದು.