‘ಕೈ ತೊಳೀರಿ’ ಅಂದ್ರೆ ಸಾಕಾ? ಗಡಿಯಾಚೆಯ ಒಂದು ಘೋಷಣೆಯ ಕತೆ

ಇವತ್ತಿನ ಕತೆ ಶುರುವಾಗೋದು ಊಟದ ಹೊತ್ತಲ್ಲಿ.

ತುರುವೇಕೆರೆ ಕಡೆ, ಸಂಪಿಗೆಯಂಥ ಒಂದು ಊರು ಅಂದ್ಕೊಳ್ಳಿ. ತೋಟದಿಂದ ಬಂದ ಮಗನಿಗೆ ಅಮ್ಮ ಹೇಳ್ತಾಳೆ: “ಕೈ ತೊಳ್ಕೊಂಡು ಬಾರಪ್ಪ, ಮುದ್ದೆ ಆರೋಗುತ್ತೆ.” ಮಗ ಏನ್ ಮಾಡ್ತಾನೆ? ಒಂದು ಚೊಂಬು ನೀರು, ಬಲಗೈ ಮಾತ್ರ, ಎರಡು ಸಲ ಒದರಿ ಬಂದು ಕೂತ್ಕೊಳ್ತಾನೆ. ಸೋಪು? ಅದು ಬಚ್ಚಲುಮನೇಲಿರುತ್ತೆ. ಊಟ ಆದ್ಮೇಲೆ ಕೈ ಜಿಡ್ಡಾಗಿದ್ರೆ ಮಾತ್ರ ಅದರ ನೆನಪು.

ಅಂದ್ರೆ ನಮ್ಮ ಮಾತಲ್ಲಿ ‘ಕೈ ತೊಳೆಯೋದು’ ಅಂದ್ರೆ ನೀರು ಹಾಕ್ಕೊಳ್ಳೋದು. ಸೋಪು ಅದರಲ್ಲಿ ಸೇರೇ ಇಲ್ಲ. ಹಾಗಾಗಿ ಗೋಡೆ ಮೇಲೆ ‘ಕೈ ತೊಳೆಯಿರಿ, ರೋಗ ತಡೆಯಿರಿ’ ಅನ್ನೋ ಥರದ ಸಾಲು ಓದಿದವರಿಗೆ ಅನ್ಸೋದು ಒಂದೇ: ‘ನಾನು ಆಗ್ಲೇ ತೊಳೀತೀನಲ್ಲ!’ ಘೋಷಣೆ ಸೋಲೋದು ಇಲ್ಲೇ. ಜನ ಅದನ್ನ ಒಪ್ಪದೇ ಇರೋದಲ್ಲ, ಆಗ್ಲೇ ಪಾಲಿಸ್ತಿದೀವಿ ಅಂದ್ಕೊಂಡಿರ್ತಾರೆ.

ಇದನ್ನ ಹೇಗೆ ಗೆಲ್ಲೋದು ಅಂತ ಹುಡುಕಿದ ಒಂದು ಪ್ರಯೋಗ ನಮ್ಮ ಪಕ್ಕದಲ್ಲೇ ನಡೆದಿದೆ. ಕೋಲಾರ, ಮುಳಬಾಗಿಲು ದಾಟಿ ಹೈವೇಲಿ ಹೋದ್ರೆ ಸಿಗೋದು ಆಂಧ್ರದ ಚಿತ್ತೂರು ಜಿಲ್ಲೆ. 2011ರಲ್ಲಿ ಆ ಜಿಲ್ಲೆಯ 14 ಹಳ್ಳಿಗಳನ್ನ ಆರಿಸಿಕೊಂಡ್ರು. ಲಂಡನ್ ಸ್ಕೂಲ್ ಆಫ್ ಹೈಜೀನ್ ಆಂಡ್ ಟ್ರಾಪಿಕಲ್ ಮೆಡಿಸಿನ್ ಸಂಶೋಧಕರ ಜೊತೆ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರೂ ಇದ್ರು. 7 ಹಳ್ಳಿಗಳಲ್ಲಿ ಪ್ರಚಾರ ಮಾಡೋದು, ಉಳಿದ 7ನ್ನ ಹೋಲಿಕೆಗೆ ಹಾಗೇ ಬಿಡೋದು ಅಂತ ಲೆಕ್ಕ.

‘ಸೋಪಲ್ಲಿ ತೊಳೀತೀರಾ?’ ಅಂತ ಕೇಳಿದ್ರೆ ಎಲ್ಲರೂ ‘ಹೂಂ’ ಅಂತಾರೆ. ಅದಕ್ಕೆ ಕೇಳೋ ಬದಲು ಮನೇಲಿ ಕೂತು ನೋಡಿದ್ರು. ಶೌಚಕ್ಕೆ ಹೋಗಿ ಬಂದಾಗ, ಮಗುವಿನ ಕುಂಡಿ ತೊಳೆದಾಗ, ಅಡುಗೆಗೆ ಕೈ ಹಾಕೋ ಮುಂಚೆ, ಊಟಕ್ಕೆ ಮುಂಚೆ ಸೋಪು ಹಿಡಿದ್ರಾ ಇಲ್ವಾ? ಶುರುವಲ್ಲಿ ಸಿಕ್ಕ ಲೆಕ್ಕ: 100 ಸಲದಲ್ಲಿ ಒಂದೋ ಎರಡೋ ಸಲ ಮಾತ್ರ.

ಆಮೇಲೆ ಬಂತು ಪ್ರಚಾರ. ಹೆಸರು ‘ಸೂಪರ್ ಅಮ್ಮ’. ಇದರ ವಿಶೇಷ ಏನು ಗೊತ್ತಾ? ಭೇದಿ, ಕ್ರಿಮಿ ಅಂತ ಹೆದರಿಸೋದನ್ನೇ ಅವರು ನೆಚ್ಚಿಕೊಳ್ಳಲಿಲ್ಲ. ಬದಲಿಗೆ ಎರಡು ಭಾವನೆಗಳನ್ನ ಹಿಡಿದ್ರು.

ಒಂದು, ಅಸಹ್ಯ. ಊರ ಜನರ ಮುಂದೆ ನಡೆಯೋ ಆಟದಲ್ಲಿ ಲಡ್ಡು ಲಿಂಗಂ ಅನ್ನೋ ಪಾತ್ರ ಬರ್ತಾನೆ. ಗಲೀಜು ಕೈಯಲ್ಲೇ ಲಡ್ಡು ಕಟ್ತಾನೆ. ನೋಡಿದವರಿಗೆ ನಗುನೂ ಬರುತ್ತೆ, ವಾಕರಿಕೆನೂ ಬರುತ್ತೆ. ಕಣ್ಣಿಗೆ ಕಾಣದ ಕ್ರಿಮಿಯನ್ನ ನಂಬಿಸೋದು ಕಷ್ಟ, ಆದ್ರೆ ಆ ಲಡ್ಡು ತಿನ್ನು ಅಂದ್ರೆ ಯಾರೂ ಕೈ ಚಾಚಲ್ಲ. ಇನ್ನೊಂದು, ತಾಯಿಯ ಆಸೆ. ಸೂಪರ್ ಅಮ್ಮ ಕಾರ್ಟೂನ್ ಚಿತ್ರದ ಹಳ್ಳಿ ಹೆಂಗಸು. ಮಗನಿಗೆ ಒಳ್ಳೆ ನಡತೆ ಕಲಿಸ್ತಾಳೆ, ಅವನು ಮುಂದೆ ಬರ್ಬೇಕು ಅಂತ ಕನಸು ಕಾಣ್ತಾಳೆ. ಅವಳು ಕಲಿಸೋ ನಡತೇಲಿ ಸೋಪಿನ ಕೈತೊಳೆತವೂ ಒಂದು. ಕೊನೆಗೆ ಊರಿನ ಹೆಂಗಸರು ಎಲ್ಲರೆದುರು ‘ನಾನೂ ಹೀಗೇ ಮಾಡ್ತೀನಿ’ ಅಂತ ಮಾತು ಕೊಟ್ರು. ನಾಲ್ಕು ಜನ ನೋಡ್ತಾರೆ ಅನ್ನೋದು ಹಳ್ಳೀಲಿ ಸಣ್ಣ ವಿಷಯ ಅಲ್ಲ.

ಆರು ವಾರ ಬಿಟ್ಟು ನೋಡಿದಾಗ ಸೋಪಿನ ಲೆಕ್ಕ 100ಕ್ಕೆ 19. ಆರು ತಿಂಗಳಿಗೆ 37. ಪ್ರಚಾರ ಇಲ್ಲದ ಹಳ್ಳಿಗಳಲ್ಲಿ ಆಗ ಬರೀ 6. ಆಮೇಲೆ ಆ ಹಳ್ಳಿಗಳಿಗೂ ಇದೇ ಪ್ರಚಾರವನ್ನ ಚಿಕ್ಕದು ಮಾಡಿ ಒಯ್ದರು. ವರ್ಷದ ಕೊನೆಗೆ ಎರಡೂ ಕಡೆ 29. ಈ ಫಲಿತಾಂಶ 2014ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂತು.

ಇದನ್ನ ಪವಾಡ ಅನ್ನೋಕಾಗಲ್ಲ. 37 ಅಂದ್ರೂ 100ರಲ್ಲಿ 63 ಸಲ ಸೋಪು ಮುಟ್ಟಿಲ್ಲ, ಮೊದಲ ಹಳ್ಳಿಗಳಲ್ಲಿ ವರ್ಷದ ಹೊತ್ತಿಗೆ ಅದೂ ಸ್ವಲ್ಪ ಇಳೀತು. ಜೊತೆಗೆ ಅವರು ಅಳೆದದ್ದು ಕೈತೊಳೆತವನ್ನ, ಭೇದಿ ಎಷ್ಟು ಕಮ್ಮಿ ಆಯ್ತು ಅನ್ನೋದನ್ನಲ್ಲ.

ಆದ್ರೂ ನಮ್ಮ ಗೋಡೆಬರಹಕ್ಕೆ ಇಲ್ಲಿ ಒಂದು ಪಾಠ ಇದೆ. ತೆಂಗಿನ ಸೀಮೆಯಲ್ಲಿ ಕಾಯಿ ಸುಲಿದು ಬಂದವನ ಕೈ ಕೊಳೆಯಾಗಿರುತ್ತೆ. ಅವನಿಗೆ ‘ತೊಳ್ಕೊ’ ಅಂತ ಯಾರೂ ಹೇಳ್ಬೇಕಿಲ್ಲ. ಹೇಳ್ಬೇಕಾದ್ದು ಕೈ ಚೆನ್ನಾಗೇ ಕಾಣೋ ಹೊತ್ತಿಗೆ: ಶೌಚ ಮುಗಿಸಿ ಬಂದಾಗ, ಮಗುವಿಗೆ ತುತ್ತು ಕಲೆಸೋ ಮುಂಚೆ. ಹಾಗಾದ್ರೆ ಘೋಷಣೇಲಿ ಇರಬೇಕಾದ್ದು ‘ಸೋಪು’ ಅನ್ನೋ ಮಾತು, ‘ಯಾವಾಗ’ ಅನ್ನೋ ಮಾತು, ಮತ್ತೆ ಅದನ್ನ ಹೇಳೋಕೆ ಒಬ್ಬ ಅಮ್ಮ.

ನಿಮ್ಮೂರ ಶಾಲೆ ಗೋಡೆ ಮೇಲೆ ಏನು ಬರ್ದಿದೆ? ಈ ಕಡೆ ಹೋದಾಗ ಒಂದ್ಸಲ ಓದಿ ನೋಡಿ. ಅದರಲ್ಲಿ ಸೋಪು ಇದೆಯಾ? ಮುಂದಿನ ಕತೆಯಲ್ಲಿ ಸಿಗೋಣ.