ಒಂದು ಪದದ ಬದಲಿ (ಇಂಗ್ಲಿಷ್ ವ್ಯಾಕರಣ)

ದೀರ್ಘ ವಿವರಣೆಯೊಂದರ ಅರ್ಥವನ್ನು ಒಂದೇ ಪದದಲ್ಲಿ ಹೇಳುವ ಅಭ್ಯಾಸ. ಶಾಲಾ ಇಂಗ್ಲಿಷ್‌ನಲ್ಲೂ ನೇಮಕಾತಿ ಪರೀಕ್ಷೆಗಳಲ್ಲೂ ಇದು ಪರಿಚಿತ ಪ್ರಶ್ನೆ. ಇಂಥ ಪದಗಳಲ್ಲಿ ಹಲವು ಲ್ಯಾಟಿನ್ ಮೂಲದವು. ಆದ್ದರಿಂದ ಪಟ್ಟಿ ಉರು ಹೊಡೆಯುವುದಕ್ಕಿಂತ ಧಾತುಗಳನ್ನು ಗುರುತಿಸುವುದು ಹೆಚ್ಚು ಫಲಕಾರಿ.

'ಆಮ್ನಿ' ಎಂದರೆ ಎಲ್ಲ. ಅದಕ್ಕೆ ಶಕ್ತಿಯನ್ನು ಸೂಚಿಸುವ 'ಪೊಟೆಂಟ್' ಸೇರಿದರೆ ಸರ್ವಶಕ್ತ, ಅಂದರೆ ಆಮ್ನಿಪೊಟೆಂಟ್. ಅರಿವಿನ ಧಾತು ಸೇರಿದರೆ ಸರ್ವಜ್ಞ ಎಂಬರ್ಥದ ಆಮ್ನಿಷಿಯೆಂಟ್, 'ಪ್ರೆಸೆಂಟ್' ಸೇರಿದರೆ ಸರ್ವವ್ಯಾಪಿ ಎಂಬರ್ಥದ ಆಮ್ನಿಪ್ರೆಸೆಂಟ್. ಆಯ್ಕೆಗಳಲ್ಲಿ ಈ ಮೂರನ್ನೂ ಒಟ್ಟಿಗೆ ಕೊಟ್ಟಾಗ ವಿದ್ಯಾರ್ಥಿಗಳು ಎಡವುವುದು ಉತ್ತರಾರ್ಧವನ್ನು ಗಮನಿಸದೆ.

ಇನ್ನೊಂದು ತೊಡಕು ಪದದ ವರ್ಗದ್ದು. 'ನಿದ್ದೆಯಲ್ಲಿ ನಡೆಯುವವನು' ಎಂದು ಕೇಳಿದರೆ ಉತ್ತರ ಸಾಮ್ನಾಂಬ್ಯುಲಿಸ್ಟ್. 'ನಿದ್ದೆಯಲ್ಲಿ ನಡೆಯುವ ಅಭ್ಯಾಸ' ಎಂದರೆ ಸಾಮ್ನಾಂಬ್ಯುಲಿಸಂ. ಪದ ಸೂಚಿಸುವುದು ವ್ಯಕ್ತಿಯನ್ನೋ ಸ್ಥಿತಿಯನ್ನೋ ಎಂಬುದನ್ನು ಕೊನೆಯ 'ಇಸ್ಟ್', 'ಇಸಂ' ಪ್ರತ್ಯಯಗಳು ತಿಳಿಸುತ್ತವೆ. ಗೂಬೆಯಂತೆ ರಾತ್ರಿ ಚಟುವಟಿಕೆಯಿಂದಿರುವುದನ್ನು ಹೇಳುವ ನಾಕ್ಟರ್ನಲ್ ಮಾತ್ರ ಗುಣವಾಚಕ. ಅದು ಪ್ರಾಣಿಯ ಹೆಸರಲ್ಲ, ಸ್ವಭಾವ; ಹಗಲಿನಲ್ಲಿ ಚಟುವಟಿಕೆಯಿಂದಿರುವ ಜೀವಿಗೆ ಡೈಅರ್ನಲ್ ಎಂಬ ಪದವಿದೆ.